ತೇಗದ ಫರ್ನಿಚರ್‌ಗೆ 3ಡಿ ಚಿತ್ರ: ಕೊಟೇಶನ್ ಹೇಗೆ ಬರೆಯೋದು?

“ನಮ್ಮೂರಲ್ಲಿ ಫರ್ನಿಚರ್ ಮಾಡುವವರೊಬ್ಬರು 6 ತೇಗದ ಐಟಂಗೆ 3ಡಿ ಚಿತ್ರ ಕೇಳಿದ್ದಾರೆ. ಕೊಟೇಶನ್‌ನಲ್ಲಿ ಏನು ಬರೀಲಿ? ಎಷ್ಟು ಸಲ ತಿದ್ದಿಕೊಡಬೇಕು? ರೇಟ್ ಎಷ್ಟು?”

ಈ ಪ್ರಶ್ನೆಗೆ ಅಣ್ಣ ಒಬ್ಬರು “ಚಿತ್ರಕ್ಕೆ ಇಷ್ಟು ಅಂತ ಹೇಳಿಬಿಡಿ” ಅಂದಿದ್ದಾರೆ. ಅದು ಅರ್ಧ ಸರಿ. ಕುರ್ಚಿಯ ಮಾಡೆಲ್ ಕಟ್ಟೋದು ಒಂದೇ ಸಲ. ಆಮೇಲೆ ಇನ್ನೊಂದು ಕೋನದಿಂದ ಚಿತ್ರ ತೆಗೆಯೋಕೆ ಜಾಸ್ತಿ ಕೆಲಸ ಇಲ್ಲ. ಹಾಗಾಗಿ ಮಾಡೆಲ್‌ಗೆ ಬೇರೆ, ಚಿತ್ರಕ್ಕೆ ಬೇರೆ ರೇಟ್ ಹಾಕಿ.

ಇಷ್ಟೇ ಗಾತ್ರದ ಕೆಲಸಕ್ಕೆ ನಾನು ಹಾಕಿದ ಲೆಕ್ಕ ಇದು. 6 ಮಾಡೆಲ್, ತಲಾ 4,000. ಬಿಳಿ ಹಿನ್ನೆಲೆಯ 12 ಚಿತ್ರ, ತಲಾ 600. ಕೋಣೆಯೊಳಗೆ ಇಟ್ಟಂತೆ 3 ಚಿತ್ರ, ತಲಾ 3,500. ಒಟ್ಟು 41,700 ರೂಪಾಯಿ. ಅರ್ಧ ಮುಂಗಡ, ಉಳಿದರ್ಧ ಕೊನೆಯ ಫೈಲ್ ಕೊಡುವ ಮುಂಚೆ. ನಿಮ್ಮ ಊರಿನ ರೇಟ್ ಬೇರೆ ಇರಬಹುದು, ಲೆಕ್ಕದ ದಾರಿ ಮಾತ್ರ ಇದೇ ಇಟ್ಟುಕೊಳ್ಳಿ.

ತಿದ್ದುಪಡಿಯ ಮಾತನ್ನು ಮಾತ್ರ ತುಂಬಾ ಬಿಡಿಸಿ ಬರೆಯಿರಿ. ಒಮ್ಮೆ ನಾನು “ಎರಡು ಸಲ ತಿದ್ದಿಕೊಡುತ್ತೇನೆ” ಅಂತಷ್ಟೇ ಬರೆದಿದ್ದೆ. ಪಾಲಿಶ್, ಬೆಳಕು ಎಲ್ಲ ಮುಗಿಸಿ ಕಳಿಸಿದ ಮೇಲೆ, ಕುರ್ಚಿಯ ಬೆನ್ನು 2 ಇಂಚು ಎತ್ತರ ಬೇಕು ಅಂದರು. ಅವರ ಪ್ರಕಾರ ಅದೊಂದು ತಿದ್ದುಪಡಿ. ನನಗೆ ಆ ಕುರ್ಚಿ ಇದ್ದ ಚಿತ್ರಗಳೆಲ್ಲ ಮತ್ತೆ ರೆಂಡರ್. ಮೂರು ದಿನ ಹೋಯಿತು, ಒಂದು ರೂಪಾಯಿ ಹೆಚ್ಚು ಕೇಳೋಕೆ ಆಗಲಿಲ್ಲ.

ಆಮೇಲಿಂದ ಎರಡು ಹಂತ ಮಾಡಿದ್ದೇನೆ. ಮೊದಲು ಬಣ್ಣವಿಲ್ಲದ ಬೂದು ಚಿತ್ರ ಕಳಿಸುತ್ತೇನೆ. ಎದುರು, ಪಕ್ಕ, ಅಳತೆ ಬರೆದದ್ದು. ಆಕಾರದ ತಿದ್ದುಪಡಿ ಎರಡು ಸಲ, ಅದು ಇಲ್ಲಿ ಮಾತ್ರ. “ಸರಿ ಇದೆ” ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಂಡ ಮೇಲೇ ಮರದ ಬಣ್ಣಕ್ಕೆ ಹೋಗೋದು. ಅಲ್ಲಿ ಪಾಲಿಶ್, ಬಟ್ಟೆ, ಬೆಳಕಿಗೆ ಇನ್ನೆರಡು ಸಲ. ಒಪ್ಪಿದ ಮೇಲೆ ಆಕಾರ ಬದಲಿಸಿದರೆ ಮಾಡೆಲ್‌ಗೆ 1,500, ಮತ್ತೆ ತೆಗೆಯುವ ಪ್ರತಿ ಚಿತ್ರಕ್ಕೂ ಮಾಮೂಲಿ ರೇಟ್. ಇದು ಕೊಟೇಶನ್‌ನಲ್ಲೇ ಇರಲಿ.

ಅವರು ಏನು ಕೊಡಬೇಕು ಅನ್ನೋದನ್ನೂ ಬರೆಯಿರಿ. ಟೇಪ್ ಹಿಡಿದು ತೆಗೆದ ಅಳತೆ, ಪಾಲಿಶ್ ಆದ ಹಲಗೆ ತುಂಡು. ಹಲಗೆಯನ್ನು ಬಿಸಿಲಲ್ಲಿ ಅಲ್ಲ, ನೆರಳಲ್ಲಿ ಇಟ್ಟು ನೇರ ಮೇಲಿಂದ ಫೋಟೋ ತೆಗೆಯಿರಿ. ಮಾಡೆಲ್‌ನಲ್ಲಿ ಮರದ ಎಳೆ ಪ್ರತಿ ತುಂಡಿನ ಉದ್ದಕ್ಕೇ ಓಡಬೇಕು. ಕಾಲಲ್ಲಿ ನಿಂತ ಎಳೆ, ಅಡ್ಡಪಟ್ಟಿಯಲ್ಲಿ ಮಲಗಿದ ಎಳೆ. ಅಡ್ಡಪಟ್ಟಿಗೂ ನಿಂತ ಎಳೆ ಹಾಕಿದರೆ ಬಡಗಿ ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಮನೆ ಇಂಟೀರಿಯರ್‌ಗೆ ಇದೇ ರೇಟಾ ಅಂತ ಕೇಳಿದ ಅಕ್ಕ, ಅದು ಬೇರೆ ಲೆಕ್ಕ. ಅಲ್ಲಿ ಕೋಣೆಯೇ ಕೆಲಸ, ಇಲ್ಲಿ ಕೋಣೆ ಬರೀ ಹಿನ್ನೆಲೆ.

ಮಾಡೆಲ್ ಇರುವ ಮೂಲ `.blend` ಫೈಲ್ ಕೊಡಬೇಕಾ ಅನ್ನೋದರಲ್ಲಿ ನನ್ನ ಗೆಳೆಯರಲ್ಲೇ ಒಮ್ಮತ ಇಲ್ಲ. ನಾನು ಚಿತ್ರ ಮಾತ್ರ ಕೊಡುತ್ತೇನೆ, ಫೈಲ್ ಬೇಕಾದರೆ ಬೇರೆ ಬೆಲೆ. ನೀವು ಏನೇ ಮಾಡಿ, ಮುಂಗಡ ತಗೊಳ್ಳುವ ಮುಂಚೆಯೇ ಹೇಳಿಬಿಡಿ.