ನನ್ನ ಫಾರಂನಲ್ಲಿ ಇದ್ದದ್ದು ಎರಡೇ ಕಾಲಂ

"ಸಮಾಜಶಾಸ್ತ್ರದ ಪ್ರಾಜೆಕ್ಟ್‌ಗೆ ಬಾಬಾಬುಡನ್‌ಗಿರಿ ತಗೊಂಡಿದ್ದೇನೆ. ಬರುವವರಲ್ಲಿ ಹಿಂದೂಗಳೆಷ್ಟು, ಮುಸ್ಲಿಮರೆಷ್ಟು ಅಂತ ಎಣಿಸಿದರೆ ಆ ಜಾಗ ಸೆಕ್ಯುಲರೋ ಕೋಮುವಾದಿಯೋ ಅಂತ ಹೇಳಬಹುದಾ?"

ದಯವಿಟ್ಟು ಎಣಿಸಬೇಡಿ. ಎಂಎ ಓದುವಾಗ ನಾನೂ ಅದೇ ಬೆಟ್ಟಕ್ಕೆ ಇದೇ ಲೆಕ್ಕ ಹಿಡಿದು ಹೋಗಿದ್ದೆ. ಚಿಕ್ಕಮಗಳೂರಿನ ಆ ಬೆಟ್ಟದ ಗುಹೆಯನ್ನು ಮುಸ್ಲಿಮರು ದಾದಾ ಹಯಾತರ ದರ್ಗಾ ಅಂತಾರೆ, ಹಿಂದೂಗಳು ದತ್ತಾತ್ರೇಯ ಪೀಠ ಅಂತಾರೆ.

ಫಾರಂನಲ್ಲಿ ಎರಡೇ ಕಾಲಂ ಇತ್ತು, ಹಿಂದೂ ಮತ್ತು ಮುಸ್ಲಿಂ. ಹೆಸರು ಕೇಳುವುದು, ಟಿಕ್ ಹಾಕುವುದು. ಮೂರನೇ ದಿನ ಸಕ್ಕರೆ ಪೊಟ್ಟಣ ಹಿಡಿದ ಒಬ್ಬ ಅಜ್ಜಿ ಸಿಕ್ಕರು. ಹೆಸರು ಕೇಳಿ 'ಹಿಂದೂ' ಎಂದು ಟಿಕ್ ಹಾಕಿದೆ. ಅವರು ಮಾತು ಮುಂದುವರಿಸಿದರು: "ನಮ್ಮತ್ತೆ ದಾದಾಗೆ ಹರಕೆ ಹೊತ್ತಿದ್ರು. ನಾವು ದತ್ತಪ್ಪ ಅಂತೀವಿ. ಇಬ್ರಿಗೂ ಇದೇ ಸಕ್ಕರೆ." ಫಾರಂನಲ್ಲಿ ಜಾಗ ಇರಲಿಲ್ಲ, ಬರೆದುಕೊಳ್ಳಲಿಲ್ಲ. ಅಂಥ ಮಾತು ಆಮೇಲೂ ಎಷ್ಟೋ ಬಂತು. ಒಂದನ್ನೂ ಬರೆದಿಡಲಿಲ್ಲ. ಊರಿಗೆ ಬಂದು ನೋಡಿದರೆ ಕೈಯಲ್ಲಿ ಬರೀ ಟಿಕ್‌ಗಳು. ಜನ ಯಾಕೆ ಬಂದರು, ಯಾರನ್ನು ನೆನೆದರು, ಏನೂ ಇಲ್ಲ. ಪ್ರಬಂಧ ಮತ್ತೆ ಮೊದಲಿಂದ ಬರೆಯಬೇಕಾಯಿತು, ಒಂದು ವರ್ಷ ಹೋಯಿತು.

ಆ ತಪ್ಪು ಬರೀ ಫಾರಂನದಲ್ಲ. ಇತಿಹಾಸಕಾರ ಬಿಪನ್ ಚಂದ್ರ ಕೋಮುವಾದಕ್ಕೆ ಮೂರು ಮೆಟ್ಟಿಲು ಹೇಳುತ್ತಾರೆ. ಮೊದಲನೆಯದರಲ್ಲಿ ದ್ವೇಷವೇ ಇಲ್ಲ. ಒಂದೇ ಧರ್ಮದವರ ಜಮೀನು, ಕೂಲಿ, ಓಟಿನ ಹಿತವೂ ಒಂದೇ ಎಂದು ನಂಬುವುದು, ಅಷ್ಟೇ. ಹೆಸರು ಕೇಳಿದ ಕೂಡಲೇ ಮನುಷ್ಯ ಗೊತ್ತಾದ ಎಂದುಕೊಂಡ ನಾನು ಆ ಮೆಟ್ಟಿಲ ಹತ್ತಿರವೇ ನಿಂತಿದ್ದೆ. 1911ರ ಜನಗಣತಿಯಲ್ಲೂ ಗುಜರಾತಿನ ಕಡೆ ಸುಮಾರು 2 ಲಕ್ಷ ಜನ ತಮ್ಮನ್ನು ಹಿಂದೂ-ಮುಸ್ಲಿಂ ಎರಡೂ ಎಂದು ಬರೆಸಿದ್ದರು. ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ, ಯಾವುದಾದರೂ ಒಂದು ಕಾಲಂ ಬೇಕಿತ್ತು.

ಇನ್ನು 'ಸೆಕ್ಯುಲರೋ ಕೋಮುವಾದಿಯೋ' ಎಂಬ ನಿಮ್ಮ ಪ್ರಶ್ನೆ. ಅದನ್ನು ಗುಹೆಗೆ ಕೇಳಿ ಪ್ರಯೋಜನವಿಲ್ಲ, ಸರಕಾರಕ್ಕೆ ಕೇಳಿ. 1975ರಲ್ಲಿ ಈ ಜಾಗ ಮುಜರಾಯಿಯಿಂದ ವಕ್ಫ್ ಮಂಡಳಿಗೆ ಹೋಯಿತು. 1978ರಲ್ಲಿ ದಾವೆ ಬಿತ್ತು, 1980ರಲ್ಲಿ ಜಿಲ್ಲಾ ನ್ಯಾಯಾಲಯ ಮತ್ತೆ ಮುಜರಾಯಿಗೇ ಕೊಟ್ಟಿತು. ಆಮೇಲಿನ ವಾದವೆಲ್ಲ 1975ರ ಜೂನ್‌ಗೆ ಮುಂಚೆ ಯಾವ ಪದ್ಧತಿ ಇತ್ತು ಎಂಬುದರ ಮೇಲೆ ನಿಂತಿತು. 2018ರ ಸರಕಾರಿ ಆದೇಶದ ಪ್ರಕಾರ ಗುಹೆಯ ಗರ್ಭಗುಡಿಗೆ ದರ್ಗಾದ ಸೇವೆ ಮಾಡುವ ಮುಜಾವರರಿಗೆ ಮಾತ್ರ ಪ್ರವೇಶವಿತ್ತು. ಪಾದುಕೆಗೆ ಹೂ ಹಾಕಿ ನಂದಾದೀಪ ಹಚ್ಚುವುದೂ ಅವರದೇ ಕೆಲಸವಾಗಿತ್ತು. 2021ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಿಂದೂಗಳ ಪೂಜೆಯ ಹಕ್ಕಿಗೂ, ತಮ್ಮ ನಂಬಿಕೆಯಲ್ಲಿಲ್ಲದ ಪೂಜೆ ಮಾಡಬೇಕಾದ ಮುಜಾವರರ ಹಕ್ಕಿಗೂ ಅದು ಧಕ್ಕೆ ಎಂದಿತು.

ಸರಕಾರ ಇಲ್ಲಿ ದೂರ ನಿಂತಿದೆಯಾ? ಇಲ್ಲ ಅಲ್ವಾ. ಯಾರು ದೀಪ ಹಚ್ಚಬೇಕು ಎಂಬುದನ್ನೂ ಅದೇ ಹೇಳಿತು. 'ಸರಕಾರ ಧರ್ಮದಿಂದ ದೂರ' ಎಂಬ ಪುಸ್ತಕದ ವ್ಯಾಖ್ಯೆ ಇಲ್ಲಿ ನಿಲ್ಲುವುದಿಲ್ಲ. ಹಾಗಂತ 'ಎಲ್ಲರೂ ಸೌಹಾರ್ದವಾಗಿದ್ದರು' ಎಂದೂ ಸುಮ್ನೆ ಬರೆಯಬೇಡಿ, ಹಂಚಿಕೊಂಡ ಜಾಗದಲ್ಲೂ ಹಕ್ಕಿನ ಜಗಳ ಇರುತ್ತದೆ.

ಆ ಹಿಂದೂ-ಮುಸ್ಲಿಂ ಕಾಲಂ ತೆಗೆದುಹಾಕಿ. "ಯಾರ ಹೆಸರಲ್ಲಿ ಹರಕೆ? ಮನೆಯಲ್ಲಿ ಇದನ್ನು ಏನಂತ ಕರೀತೀರಿ?" ಎಂದು ಕೇಳಿ, ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಅಜ್ಜಿಯ ಊರು ಯಾವುದು ಎಂಬುದನ್ನೂ ನಾನು ಕೇಳಿರಲಿಲ್ಲ.