ಆ್ಯಡ್ ಟೆಸ್ಟಲ್ಲಿ 50-50 ಹಾಕಿದ್ರೂ ಜನ ಸಮ ಬರ್ಲಿಲ್ಲ, ರಿಸಲ್ಟ್ ನಂಬಬಹುದಾ?

ಪ್ರಶ್ನೆ: ಕಾರವಾರದ ನಮ್ಮ ಹೋಮ್‌ಸ್ಟೇಗೆ ಎರಡು ಆ್ಯಡ್ ಪೇಜ್ ಟೆಸ್ಟ್ ಮಾಡ್ದೆ. ಎ ಪೇಜಿಗೆ 5210 ಜನ, 156 ಬುಕಿಂಗ್. ಡ್ರೋನ್ ವಿಡಿಯೋ ಇರೋ ಬಿ ಪೇಜಿಗೆ 4790 ಜನ, 180 ಬುಕಿಂಗ್. ಬಿ ಗೆದ್ದಂಗಾ?

ಉತ್ತರ: ಇಲ್ಲ, ಈಗ್ಲೇ ಬಿ ಗೆದ್ದಿದೆ ಅನ್ಬೇಡಿ. 50-50 ಹಂಚಿದ್ರೂ ಎರಡೂ ಪೇಜಿಗೆ ಜನ ಸಮ ಬರದೇ ಇಷ್ಟು ವ್ಯತ್ಯಾಸ ಆದ್ರೆ ಅದಕ್ಕೆ ಸ್ಯಾಂಪಲ್ ರೇಷಿಯೋ ಮಿಸ್‌ಮ್ಯಾಚ್ ಅಂತಾರೆ. ಒಟ್ಟು ಜನರ ವರ್ಗಮೂಲ ತಗೊಂಡು ಅರ್ಧ ಮಾಡಿ: 10000ಕ್ಕೆ 100, ಅರ್ಧ 50. ಕಾಕತಾಳೀಯವಾಗಿ 5000ದಿಂದ ಒಂದು 50, ಹೆಚ್ಚಂದ್ರೆ 100 ಆಚೀಚೆ ಆಗಬಹುದು, ನಿಮ್ದು 210 ಸರಿದಿದೆ, ಅಂದ್ರೆ ಎಲ್ಲೋ ಜನ ಸೋರಿ ಹೋಗ್ತಿದಾರೆ.

ನಂಗೆ ಮೊದ್ಲು ಅನುಮಾನ ಬರೋದು ಆ ವಿಡಿಯೋ ಮೇಲೆ. ಶಿರಸಿ ಘಟ್ಟದಲ್ಲಿ ಬಸ್ಸಲ್ಲಿ ಕೂತು ಕ್ಲಿಕ್ ಮಾಡಿದವ್ರಿಗೆ ಸಿಗ್ನಲ್ ಇರಲ್ಲ, ಪೇಜ್ ತೆರ್ಕೊಳ್ಳೋ ಮೊದ್ಲೇ ಬೇಜಾರಾಗಿ ಮುಚ್ಚಿಬಿಡ್ತಾರೆ, ಟ್ರ್ಯಾಕಿಂಗ್ ಕೋಡ್ ಓಡೋದೇ ಇಲ್ಲ, ಹಂಗಾಗಿ ಅವ್ರು ಲೆಕ್ಕಕ್ಕೇ ಬರಲ್ಲ. ಉಳಿಯೋರು ಒಳ್ಳೆ ನೆಟ್‌ವರ್ಕ್ ಇದ್ದೋರು, ಇಲ್ಲಾ ಬುಕ್ ಮಾಡ್ಲೇಬೇಕು ಅಂತ ಕಾದೋರು. ಅದಕ್ಕೇ ಬಿ ಶೇ. 3.76, ಎ ಶೇ. 2.99 ಅಂತ ಕಾಣೋದು. ಕಾಣೆಯಾದ 420 ಜನರನ್ನ ಬಿಗೆ ವಾಪಸ್ ಸೇರಿಸಿದ್ರೆ ಅದು ಶೇ. 3.45ಕ್ಕೆ ಇಳಿಯುತ್ತೆ, ಆ ಅಂತರ ಅದೃಷ್ಟದಿಂದಲೂ ಬರಬಹುದು.

ಹಂಗಂತ ಈ ಲೆಕ್ಕ ಹಾಕಿ ಹಳೇ ಡೇಟಾ ಸರಿ ಮಾಡಕ್ಕೆ ಹೋಗ್ಬೇಡಿ, ಎಯಿಂದ ಎಷ್ಟು ಜನ ಹೋದ್ರು ಅಂತ ಯಾರಿಗ್ಗೊತ್ತು. ಪೇಜ್ ಲೋಡ್ ಆದ್ಮೇಲಲ್ಲ, ಯಾರಿಗೆ ಯಾವ ಪೇಜ್ ಅಂತ ಹಂಚೋ ಕ್ಷಣದಲ್ಲೇ ಎಣಿಸಿ, ಟೆಸ್ಟ್ ಹೊಸದಾಗಿ ಓಡಿಸಿ. ಮತ್ತೆ ಇಂಪ್ರೆಷನ್ ನೋಡ್ಬೇಡಿ, ಒಬ್ಬರಿಗೇ ನಾಕು ಸಲ ಆ್ಯಡ್ ಕಾಣುತ್ತೆ, ಹೋಲಿಸ್ಬೇಕಾದ್ದು ಜನರ ಸಂಖ್ಯೆ.