ಗಾಡಿ ಸರ್ವಿಸ್ ಲೆಕ್ಕ: ಒಂದು ಕೆಲಸಕ್ಕೆ ಒಂದು ಸಾಲು

«ಜೇವರ್ಗಿಯಿಂದ ಕಲಬುರಗಿ ಮಾರ್ಕೆಟ್‌ಗೆ ತೊಗರಿ ಹೊಡೆಯೋ ಸಣ್ಣ ಡೀಸೆಲ್ ಗಾಡಿ ಇದೆ. ಮೊಬೈಲ್ ಶೀಟಲ್ಲಿ ತಾರೀಖು, ಕಿಲೋಮೀಟರ್, ಕೆಲಸ, ಖರ್ಚು, ಮುಂದಿನ ಸರ್ವಿಸ್ ಎಲ್ಲಾ ಬರೆದಿದ್ದೀನಿ. ಆದ್ರೂ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ತಿಳೀತಿಲ್ಲ. ಟೇಬಲ್ ಹೆಂಗಿರಬೇಕು?»

ಅಣ್ಣಾರೆ, ನೀವು ಹಾಕಿದ ಫೋಟೊ ನೋಡಿದೆ. ಗ್ಯಾರೇಜಿಗೆ ಹೋದ ಪ್ರತಿ ಸಲಕ್ಕೂ ಒಂದೇ ಸಾಲು ಬರೆದಿದ್ದೀರಿ. ಕೆಲಸದ ಜಾಗದಲ್ಲಿ ‘ಜನರಲ್ ಸರ್ವಿಸ್’ ಅಂತಷ್ಟೇ ಇದೆ. ತೊಡಕು ಅಲ್ಲೇ ಇದೆ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಏರ್ ಫಿಲ್ಟರ್ ಒಂದೇ ದಿನ ಮಾಡಿಸಿದರೂ ಮುಂದೆ ಬರುವ ಅವಧಿ ಮೂರಕ್ಕೂ ಬೇರೆ ಬೇರೆ. ಹಾಗಾಗಿ ಅವತ್ತಿನ ಬಿಲ್ಲನ್ನು ಒಡೆದು ಮೂರು ಸಾಲು ಮಾಡಿ. ಕೂಲಿಗೆ ಇನ್ನೊಂದು ಸಾಲು ಇರಲಿ, ಖರ್ಚಿನ ಮೊತ್ತ ಕೂಡಿಸುವಾಗ ಸರಿ ಬರುತ್ತದೆ.

ಆಮೇಲೆ ಕೆಲಸದ ಜಾಗದಲ್ಲಿ ‘ನೋಡಿದ್ದು’, ‘ತುಂಬಿಸಿದ್ದು’, ‘ಬದಲಿಸಿದ್ದು’ ಈ ಮೂರರಲ್ಲಿ ಯಾವುದು ಅಂತ ಬರೆಯಲೇಬೇಕು. ಮುಂದಿನ ಗಡುವು ಹೊಸದಾಗಿ ಶುರುವಾಗೋದು ಬದಲಿಸಿದಾಗ ಮಾತ್ರ. ನಿಮ್ಮ ಮೆಕ್ಯಾನಿಕ್ ಬ್ರೇಕ್ ಆಯಿಲ್ ಡಬ್ಬಿಗೆ ಸ್ವಲ್ಪ ಸುರಿದು ಬಿಲ್ಲಿಗೆ ‘ಬ್ರೇಕ್ ಆಯಿಲ್’ ಅಂತ ಹಾಕಿರಬಹುದು. ಒಳಗಿನ ಹಳೇ ಆಯಿಲ್ ಹಾಗೇ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುವ ವಸ್ತು, ಅದಕ್ಕೇ ಗಾಡಿ ಓಡಲಿ ಬಿಡಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ‘ತುಂಬಿಸಿದ್ದು’ ಅನ್ನೋ ಸಾಲು ಹತ್ತಿರ ಹತ್ತಿರ ಎರಡು ಸಲ ಬಂದರೆ ಸುಮ್ನೆ ಬಿಡಬೇಡಿ. ಬ್ರೇಕ್ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು.

ನಿಮ್ಮ ಪ್ರಶ್ನೆಗೆ ಸೇಡಂನ ಅಣ್ಣಾವ್ರು, ಗ್ಯಾರೇಜಿನವರು ಅಂಟಿಸೋ ಮುಂದಿನ ಸರ್ವಿಸ್ ಸ್ಟಿಕ್ಕರ್ ಸಾಕು ಅಂದಿದ್ದಾರೆ. ಎಂಜಿನ್ ಆಯಿಲ್ ಮಟ್ಟಿಗೆ ಅದು ಸರಿ. ಆದರೆ ಅದರ ಮೇಲೆ ಬ್ರೇಕ್ ಆಯಿಲ್ ಸುದ್ದಿ ಇರೋದಿಲ್ಲ.

ಶೀಟಲ್ಲಿ ಸಾಲು ಹೀಗಿರಲಿ: A ತಾರೀಖು, B ಕಿಲೋಮೀಟರ್, C ಕೆಲಸ, D ಖರ್ಚು, E ಎಷ್ಟು ಕಿಲೋಮೀಟರಿಗೆ, F ಎಷ್ಟು ತಿಂಗಳಿಗೆ, G ಮತ್ತು H ಮುಂದಿನ ಗಡುವು. E, F ಎರಡನ್ನೂ ‘ಬದಲಿಸಿದ್ದು’ ಸಾಲಲ್ಲಿ ಮಾತ್ರ ನಿಮ್ಮ ಗಾಡಿಯ ಪುಸ್ತಕ ನೋಡಿ ತುಂಬಿ, ಉಳಿದ ಸಾಲಲ್ಲಿ ಖಾಲಿ ಬಿಡಿ. G2, H2ನಲ್ಲಿ ಕ್ರಮವಾಗಿ ಇವು:

```
=IF(E2="","",B2+E2)
=IF(F2="","",EDATE(A2,F2))
```

ಬ್ರೇಕ್ ಆಯಿಲಿಗೆ E ಖಾಲಿ ಬಿಡಿ, F ಮಾತ್ರ 24. H2ನಲ್ಲಿ ತಾರೀಖಿನ ಬದಲು 46 ಸಾವಿರದ ಯಾವುದೋ ಸಂಖ್ಯೆ ಕಂಡರೆ ಗಾಬರಿ ಬೇಡ, ಆ ಕಾಲಂಗೆ ತಾರೀಖಿನ ಫಾರ್ಮ್ಯಾಟ್ ಕೊಡಿ. B ಕಾಲಂನಲ್ಲಿ 42300 ಅಂತ ಬರೀ ಅಂಕಿ ಹಾಕಿ. ಪಕ್ಕದಲ್ಲಿ ‘ಕಿ.ಮೀ’ ಅಂತ ಬರೆದರೆ ಶೀಟ್ ಅದನ್ನು ಅಕ್ಷರ ಅಂದುಕೊಂಡು ಲೆಕ್ಕ ನಿಲ್ಲಿಸುತ್ತದೆ.

ಈಗ ನಿಮ್ಮ ಗಾಡಿಯ ಲೆಕ್ಕವನ್ನೇ ನೋಡೋಣ. 10-06-2025ಕ್ಕೆ 42,300 ಕಿಲೋಮೀಟರಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿದ್ದೀರಿ. ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ 12 ತಿಂಗಳು ಅಂತ ಇದೆ ಅಂದಿರಿ. ಗಡುವು 52,300 ಅಥವಾ 10-06-2026, ಯಾವುದು ಮೊದಲೋ ಅದು. ತಿಂಗಳಿಗೆ ಸುಮಾರು 900 ಓಡಿಸ್ತೀರಿ, ತೊಗರಿ ಬಂದಾಗ 2,500. ಹಾಗಿದ್ದರೆ ನವೆಂಬರ್ ಕೊನೆಗೆ 47,300ರ ಆಸುಪಾಸು. ಡಿಸೆಂಬರ್, ಜನವರಿ ಸೇರಿ ಇನ್ನೊಂದು 5,000. ಅಂದರೆ ಜೂನ್ ದೂರ ಇರುವಾಗಲೇ, ಜನವರಿ ಕೊನೆಗೆ, ಸುಗ್ಗಿ ನಡುವೆಯೇ ಆಯಿಲ್ ಗಡುವು ಬಂದು ಕೂರುತ್ತದೆ. ಬರೀ ತಾರೀಖು ನೋಡ್ತಾ ಕೂತಿದ್ದರೆ ಜೂನ್ ಹೊತ್ತಿಗೆ ಸಾವಿರಾರು ಕಿಲೋಮೀಟರ್ ಜಾಸ್ತಿ ಆಗಿರುತ್ತಿತ್ತು.

ಡಿಸೆಂಬರಿಗೆ ಮುಂಚೆಯೇ ಬದಲಿಸಿಬಿಡಿ ಅಂತ ಹುಮನಾಬಾದಿನವರ ಸಲಹೆ. ನನಗೆ ಅದು ಅರ್ಧ ಬಳಸಿದ ಆಯಿಲ್ ಚೆಲ್ಲಿದಂತೆ ಅನ್ನಿಸುತ್ತದೆ. ಜನವರಿಯಲ್ಲೇ ಒಂದು ದಿನ ಗಾಡಿಗೆ ಬಿಡುವು ಮಾಡಿ ಬದಲಿಸಿ ಅನ್ನುತ್ತೇನೆ. ಆದರೆ ನಿಮಗೆ ಬಾಡಿಗೆ ತಪ್ಪುವ ಲೆಕ್ಕವೂ ಇರುತ್ತದೆ, ಅದನ್ನು ನೀವೇ ತೂಗಿ ನೋಡಬೇಕು.

ಏರ್ ಫಿಲ್ಟರಿಗೆ ಪುಸ್ತಕದ ಅಂಕಿಯನ್ನು ಹಾಗೇ ನಂಬಬೇಡಿ. ಹೊಲದ ದಾರಿಯಲ್ಲಿ ಓಡುವ ಗಾಡಿಗೆ ಅದು ಬೇಗ ಕಟ್ಟುತ್ತದೆ. ಸುಗ್ಗಿಯಲ್ಲಿ ಆಗಾಗ ಬಿಚ್ಚಿ ನೋಡಿ, ಎಷ್ಟು ದೂಳಿತ್ತು ಅಂತ ‘ನೋಡಿದ್ದು’ ಸಾಲಲ್ಲಿ ಬರೆಯಿರಿ. ಒಂದು ಸುಗ್ಗಿ ಕಳೆದರೆ E ಕಾಲಂಗೆ ನಿಮ್ಮ ದಾರಿಗೆ ಹೊಂದುವ ಅಂಕಿ ಸಿಗುತ್ತದೆ.

ಆಳಂದದ ಅಕ್ಕಾವ್ರು ಟ್ರ್ಯಾಕ್ಟರಿಗೆ ಎಷ್ಟು ಕಿಲೋಮೀಟರ್ ಅಂತ ಕೇಳಿದ್ದಾರೆ. ಅಕ್ಕಾರೆ, ಟ್ರ್ಯಾಕ್ಟರಿಗೆ ಗಂಟೆ ಲೆಕ್ಕ. B, E, G ಮೂರೂ ಕಡೆ ಗಂಟೆ ಹಾಕಿ, ಸೂತ್ರ ಇದೇ ನಡೆಯುತ್ತದೆ. ಹಳೇ ಟ್ರ್ಯಾಕ್ಟರಿನ ಮುಳ್ಳಿನ ಮೀಟರ್ ಎಂಜಿನ್ ಸುತ್ತಿನ ಮೇಲೆ ಓಡುವುದರಿಂದ ಗಡಿಯಾರದ ಗಂಟೆಗೆ ಹೊಂದೋದಿಲ್ಲ. ಗಡಿಯಾರ ಬಿಟ್ಟು ಮೀಟರಿನ ಅಂಕಿಯನ್ನೇ ಬರೆಯಿರಿ.

ಅಣ್ಣಾರೆ, ಹಳೇ ಬಿಲ್ ಇದ್ದರೆ ಬ್ರೇಕ್ ಆಯಿಲ್ ಎಷ್ಟು ಮಿಲಿ ಹಾಕಿದ್ದಾರೆ ನೋಡಿ ಹೇಳಿ. ಸ್ವಲ್ಪವೇ ಇದ್ದರೆ ಅದು ತುಂಬಿಸಿದ್ದು. ಏನೂ ತಿಳಿಯದಿದ್ದರೆ ಈ ಸಲ ಪೂರ್ತಿ ಬದಲಿಸಿ, ಅದನ್ನೇ ಮೊದಲ ಸಾಲು ಮಾಡಿಕೊಳ್ಳಿ.